ತೊಳೆದದ್ದು ಯಾವ ಕೊಳೆಯನ್ನು?

ಹತ್ತನೇ ತರಗತಿಯ ಪ್ರಬಂಧಗಳನ್ನು ತಿದ್ದಿ ತಿದ್ದಿ ನನಗೆ ಒಂದು ವಾಕ್ಯ ಬಾಯಿಪಾಠವಾಗಿದೆ: ‘ಜಾತಿ ತಾರತಮ್ಯವು ಸಮಾಜಕ್ಕೆ ಅಂಟಿದ ಪಿಡುಗಾಗಿದ್ದು, ದೇಶದ ಅಭಿವೃದ್ಧಿಗೆ ಮಾರಕವಾಗಿದೆ.’ ನಲವತ್ತು ಮಕ್ಕಳಲ್ಲಿ ಮೂವತ್ತು ಮಂದಿಯಾದರೂ ಹೀಗೇ ಶುರು ಮಾಡುತ್ತಾರೆ. ಗೈಡಿನ ಸಾಲು ಅದು. ಕಾಗುಣಿತ ಸರಿಯಿದ್ದರೆ ಅಂಕ ಕೊಟ್ಟು ಮುಂದಿನ ಹಾಳೆ ತಿರುಗಿಸುತ್ತೇನೆ. ಆದರೆ ಆ ಸಾಲಿನ ಬಗ್ಗೆ ನನಗೊಂದು ತಕರಾರಿದೆ. ಅಭಿವೃದ್ಧಿಗೆ ಮಾರಕವಾದ್ದರಿಂದ ಜಾತಿ ತಾರತಮ್ಯ ತಪ್ಪು ಎಂದಾದರೆ, ಅದರಿಂದ ಅಭಿವೃದ್ಧಿಗೆ ಏನೂ ತೊಂದರೆಯಾಗದ ಕಡೆ ಅದು ಸರಿ ಎಂದಾಗುತ್ತದೆ. ರಸ್ತೆ, ಕಾರ್ಖಾನೆ, ಮೊಬೈಲು ಎಲ್ಲ ಬಂದಿರುವ ಊರಲ್ಲಿ ಒಂದು ಕೇರಿಯವರನ್ನು ದೂರ ಇಟ್ಟರೆ ಪರವಾಗಿಲ್ಲವೇ?

ಹೋದ ವರ್ಷ ಇದನ್ನೇ ತರಗತಿಯಲ್ಲಿ ಕೇಳಿದೆ. ಬರೀ ಮಾತಿನಲ್ಲಿ ಕೇಳಿದರೆ ಮಕ್ಕಳು ಗೈಡಿನ ಉತ್ತರವನ್ನೇ ಒಪ್ಪಿಸುತ್ತಾರೆಂದು ಒಂದು ನಿಜ ಪ್ರಸಂಗ ಇಟ್ಟುಕೊಂಡೆ. 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರ ಗ್ರಾಮದಲ್ಲಿ ನಡೆದದ್ದು. ಊರಿನ ಒಂದು ಮದುವೆಗೆ ಬೇರೆ ಕಡೆಯಿಂದ ನೆಂಟರು ಬಂದಿದ್ದರು. ಅವರಲ್ಲಿದ್ದ ದಲಿತ ಮಹಿಳೆಯೊಬ್ಬರು ಬಾಯಾರಿ, ಮೇಲ್ಜಾತಿಯವರ ಬೀದಿಯಲ್ಲಿದ್ದ ತೊಂಬೆಯ ನಲ್ಲಿ ತಿರುಗಿಸಿ ನೀರು ಕುಡಿದರು. ತೊಂಬೆ ಎಂದರೆ ನಮ್ಮ ಊರುಗಳ ಬೀದಿಯಲ್ಲಿ ಪಂಚಾಯಿತಿಯವರು ಕಟ್ಟಿಸುವ ಚಿಕ್ಕ ನೀರಿನ ಟ್ಯಾಂಕು, ಕೆಳಗೆ ಒಂದೆರಡು ನಲ್ಲಿ. ಅವರು ಕುಡಿದ ಮೇಲೆ ತೊಂಬೆಯ ನೀರನ್ನೆಲ್ಲ ಹರಿಯಬಿಟ್ಟು, ಗೋಮೂತ್ರ ಹಾಕಿ ಶುದ್ಧ ಮಾಡಿದರೆಂದು ಸುದ್ದಿಯಾಯಿತು. ಖಾಲಿ ಮಾಡುವ ವಿಡಿಯೊ ಫೋನಿಂದ ಫೋನಿಗೆ ಹರಿದಾಡಿತು. ಪೊಲೀಸ್ ಪ್ರಕರಣ ದಾಖಲಾಯಿತು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸಾರ್, ಅವರು ನೀರು ಕುಡಿದಾಗಿತ್ತಲ್ವಾ? ಯಾರೂ ಹೊಡೆದಿಲ್ಲ. ಅವರು ಹೋದ ಮೇಲೆ ಟ್ಯಾಂಕ್ ತೊಳೆದ್ರೆ ಅವರಿಗೇನ್ ಸಾರ್ ನಷ್ಟ? ನೀರು ಹೋಗಿದ್ದು ಆ ಬೀದಿಯವರದ್ದೇ.”

ಕೆಲವರು ನಕ್ಕರು. ನನಗೆ ಮಾತ್ರ, ಆ ವರ್ಷ ತರಗತಿಯಲ್ಲಿ ಬಂದ ಅತ್ಯಂತ ಒಳ್ಳೆಯ ಪ್ರಶ್ನೆ ಇದೇ ಅನ್ನಿಸಿತು. ಕುಚೋದ್ಯಕ್ಕೆ ಕೇಳಿದ್ದಲ್ಲ ಅದು. ತಪ್ಪು ನಡೆದಿದೆ ಎಂದು ಅವಳಿಗೂ ಗೊತ್ತಿತ್ತು. ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ, ಅಷ್ಟೇ.

ನಷ್ಟದ ಲೆಕ್ಕ ಹಾಕಿ ನೋಡೋಣ. ಆ ಮಹಿಳೆಗೆ ಬಾಯಾರಿಕೆ ತೀರಿತ್ತು. ದುಡ್ಡು ಹೋಗಲಿಲ್ಲ, ಮೈಮೇಲೆ ಪೆಟ್ಟು ಬೀಳಲಿಲ್ಲ. ನೀರು ಖಾಲಿಯಾದದ್ದು ಆ ಬೀದಿಯವರಿಗೆ, ತೊಳೆಯುವ ಶ್ರಮವೂ ಅವರದೇ. ಲಾಭ ನಷ್ಟದ ಪುಸ್ತಕದ ಪ್ರಕಾರ ಸೋತವರು ತೊಳೆದವರೇ. ಆದರೂ ಈ ಪ್ರಸಂಗ ಕೇಳಿದ ಯಾರಿಗೂ ‘ಪಾಪ, ಆ ಬೀದಿಯವರು’ ಅನ್ನಿಸುವುದಿಲ್ಲ. ಅಂದರೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಒಂದು ಕಾಲಂ ಕಡಿಮೆಯಿದೆ. ನೀರು, ದುಡ್ಡು, ಪೆಟ್ಟು ಇವುಗಳಲ್ಲದ ಇನ್ನೊಂದನ್ನು ಆ ಮಹಿಳೆಯಿಂದ ಕಿತ್ತುಕೊಳ್ಳಲಾಗಿದೆ.

ಅದೇನೆಂದು ತಿಳಿಯಲು ಬೇರೆ ಕಡೆಯಿಂದ ಬರಬೇಕು. ನಮ್ಮ ಮನೆಯ ಟ್ಯಾಂಕನ್ನು ನಾವು ಯಾವಾಗ ಪೂರ್ತಿ ಖಾಲಿ ಮಾಡಿ ತೊಳೆಯುತ್ತೇವೆ? ಮುಚ್ಚಳ ತೆರೆದಿದ್ದು ಹಲ್ಲಿ ಬಿದ್ದಿದ್ದರೆ, ಪಾರಿವಾಳ ಸತ್ತಿದ್ದರೆ, ಪಾಚಿ ಕಟ್ಟಿದ್ದರೆ. ಅಂದರೆ ನೀರನ್ನು ಕೆಡಿಸುವ ವಸ್ತುವೊಂದು ಸೇರಿಕೊಂಡಾಗ. ಒಬ್ಬ ಹೆಣ್ಣುಮಗಳು ನಲ್ಲಿ ಮುಟ್ಟಿದ್ದಕ್ಕೆ ತೊಂಬೆ ಖಾಲಿ ಮಾಡಿದಾಗ, ಬಾಯಲ್ಲಿ ಒಂದು ಮಾತೂ ಆಡದೆ ಅವರನ್ನು ಆ ಪಟ್ಟಿಗೆ ಸೇರಿಸಿದಂತಾಯಿತು: ಹಲ್ಲಿ, ಪಾಚಿ, ಈ ಹೆಂಗಸು.

ಬೈಗುಳಕ್ಕಿಂತ ಇದು ಯಾಕೆ ಬೇರೆ ಎಂಬುದನ್ನು ಗಮನಿಸಬೇಕು. ಯಾರಾದರೂ ನಿಮ್ಮನ್ನು ‘ಕಳ್ಳ’ ಎಂದರೆ ಅದು ಅವಮಾನವೇ. ಆದರೆ ಆ ಮಾತಿನಲ್ಲಿ ನೀವಿನ್ನೂ ಮನುಷ್ಯರಾಗಿ ಉಳಿದಿದ್ದೀರಿ. ಕದಿಯುವುದು ಒಂದು ಕೆಲಸ. ನೀವು ಮಾಡಿದಿರಿ ಎಂದು ಅವರೆನ್ನುತ್ತಾರೆ, ಮಾಡಿಲ್ಲ ಎಂದು ನೀವು ವಾದಿಸಬಹುದು, ಸಾಕ್ಷಿ ತರಬಹುದು, ಮಾಡಿದ್ದರೆ ತಪ್ಪಾಯಿತು ಎನ್ನಬಹುದು. ಆರೋಪ ಎಂದರೆ ಎಷ್ಟೇ ಕಟುವಾಗಿದ್ದರೂ ಒಬ್ಬರು ಇನ್ನೊಬ್ಬರಿಗೆ ಆಡಿದ ಮಾತು. ತೊಂಬೆಗೆ ಹಾಕಿದ ಗೋಮೂತ್ರಕ್ಕೆ ಏನೆಂದು ಉತ್ತರ ಕೊಡುವುದು? ‘ನಾನು ಮೈಲಿಗೆಯಲ್ಲ’ ಎಂದು ಸಾಬೀತು ಮಾಡುವುದು ಹೇಗೆ? ಅಲ್ಲಿ ಆಕೆಯ ಮೇಲೆ ಆರೋಪವೇ ಇಲ್ಲ. ಆಕೆ ಏನೂ ಮಾಡಿಲ್ಲವೆಂದು ತೊಳೆದವರಿಗೂ ಗೊತ್ತು. ಆಕೆ ಇರುವುದೇ ಸಾಕು. ಮಾತಾಡುವ, ಉತ್ತರಿಸುವ, ತನ್ನ ಕಾರಣ ಹೇಳುವ ಒಬ್ಬ ವ್ಯಕ್ತಿಯನ್ನು ಕೇವಲ ತಗುಲುವ ವಸ್ತುವಿನಂತೆ ಕಾಣುವುದು ಇಲ್ಲಿ ನಡೆದ ತಪ್ಪು. ಅವರ ಎದುರಿಗೆ ಮಾಡಿದರೂ ತಪ್ಪು, ಬೆನ್ನ ಹಿಂದೆ ಮಾಡಿದರೂ ತಪ್ಪು. ಹುಡುಗಿಯ ಪ್ರಶ್ನೆಗೆ ನನ್ನ ಉತ್ತರದ ಮೊದಲ ಭಾಗ ಇದು.

ಕಿತ್ತುಕೊಂಡದ್ದಕ್ಕೆ ಹೆಸರು ಘನತೆ. ಕನ್ನಡದಲ್ಲಿ ಈ ಪದದ ಸುತ್ತ ಒಂದಿಷ್ಟು ಗೊಂದಲವಿದೆ. ‘ಘನತೆವೆತ್ತ ರಾಜ್ಯಪಾಲರು’ ಎನ್ನುವಾಗ ಅದು ಹುದ್ದೆಯ ಜೊತೆ ಬಂದು ಹುದ್ದೆಯ ಜೊತೆ ಹೋಗುವ ಘನತೆ. ‘ಮನೆತನದ ಘನತೆ’ ಎನ್ನುವಾಗ ಅದು ಒಬ್ಬರಿಗಿದ್ದು ಇನ್ನೊಬ್ಬರಿಗಿಲ್ಲದ ಪ್ರತಿಷ್ಠೆ. ಎಷ್ಟೋ ಸಲ ಜಾತಿಯನ್ನು ಕಾಯುವುದೇ ಈ ಘನತೆ. ಸಂವಿಧಾನದ ಪೀಠಿಕೆ ವ್ಯಕ್ತಿಯ ಗೌರವವನ್ನು ಭ್ರಾತೃತ್ವದ ಜೊತೆ ಸೇರಿಸಿ ಹೇಳುವಾಗ ಇವೆರಡೂ ಅಲ್ಲದ ಮೂರನೆಯದನ್ನು ಹೇಳುತ್ತಿದೆ. ಗಳಿಸದೆ ಬಂದದ್ದು, ಕಳೆದುಕೊಳ್ಳಲು ಆಗದ್ದು, ಎಲ್ಲರಲ್ಲೂ ಒಂದೇ ಅಳತೆಯಲ್ಲಿರುವುದು. ಜರ್ಮನಿಯ ತತ್ತ್ವಶಾಸ್ತ್ರಜ್ಞ ಕಾಂಟ್ 1785ರಲ್ಲಿ ಇದನ್ನು ಬೆಲೆಗೆ ಎದುರಾಗಿ ನಿಲ್ಲಿಸಿ ವಿವರಿಸಿದ. ಬೆಲೆ ಇರುವ ವಸ್ತುವಿನ ಜಾಗದಲ್ಲಿ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬಹುದು. ಕೊಡ ಒಡೆದರೆ ಇನ್ನೊಂದು ಕೊಡ. ಯಾವುದರ ಜಾಗದಲ್ಲಿ ಮತ್ತೊಂದನ್ನು ಇಡಲು ಬಾರದೋ ಅದಕ್ಕೆ ಇರುವುದು ಬೆಲೆಯಲ್ಲ, ಘನತೆ. ಕಾಂಟ್‌ನ ಎಲ್ಲ ಮಾತನ್ನೂ ಒಪ್ಪಬೇಕಿಲ್ಲ. ಬೇರೆ ಜನಾಂಗಗಳ ಬಗ್ಗೆ ಅವನೇ ಬರೆದ ಕೆಲವು ಸಾಲುಗಳು ಈ ತತ್ತ್ವದ ಮುಂದೆ ನಿಲ್ಲುವುದಿಲ್ಲ. ಆದರೆ ಬೆಲೆ, ಘನತೆಗಳ ನಡುವಿನ ಈ ಗೆರೆ ನಮಗೆ ಉಪಯೋಗಕ್ಕೆ ಬರುತ್ತದೆ.

‘ಎಲ್ಲರೂ ಸಮಾನರು ಅಂತೀರಿ, ಎಲ್ಲಿದೆ ಸಮಾನತೆ? ಒಬ್ಬ ಓಡುತ್ತಾನೆ, ಒಬ್ಬ ಕುಂಟುತ್ತಾನೆ. ಒಬ್ಬಳಿಗೆ ಗಣಿತದಲ್ಲಿ ನೂರು, ಇನ್ನೊಬ್ಬಳಿಗೆ ಇಪ್ಪತ್ತು’ ಎಂದು ಮಕ್ಕಳು ಕೇಳುತ್ತಾರೆ. ಕೇಳಬೇಕಾದದ್ದೇ. ಅಳೆಯಲು ಬರುವ ಯಾವ ಗುಣದಲ್ಲೂ ನಾವು ಸಮಾನರಲ್ಲ, ಸಮಾನರೆಂದು ಯಾರೂ ವಾದಿಸುತ್ತಲೂ ಇಲ್ಲ. ವಾದ ಇರುವುದು ಬೇರೆ ಕಡೆ. ಪ್ರತಿಯೊಬ್ಬರಿಗೂ ಒಳಗಿನಿಂದ ಬದುಕುವ ಒಂದು ಬದುಕಿದೆ. ನಾಳೆ ಏನು ಮಾಡಬೇಕೆಂದು ಯೋಚಿಸುತ್ತಾರೆ, ನೋಯುತ್ತಾರೆ, ನಾಚುತ್ತಾರೆ, ‘ಯಾಕೆ ಹೀಗೆ ಮಾಡಿದಿರಿ?’ ಎಂದು ಇನ್ನೊಬ್ಬರನ್ನು ಕೇಳುತ್ತಾರೆ. ಹೀಗೆ ಕೇಳುವ ಹಕ್ಕಿರುವವರ ಸಾಲಿನಲ್ಲಿ ಒಂದು ಜಾಗ ಇದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಆ ಸಾಲಿನಲ್ಲಿ ಅರ್ಧ ಜಾಗ, ಮುಕ್ಕಾಲು ಜಾಗ ಎಂಬುದಿಲ್ಲ. ಗಣಿತದಲ್ಲಿ ಇಪ್ಪತ್ತು ತೆಗೆದವಳು ನೂರು ತೆಗೆದವಳನ್ನು ‘ನನ್ನ ಪೆನ್ನು ಯಾಕೆ ತಗೊಂಡೆ?’ ಎಂದು ಕೇಳಿದರೆ, ನೂರು ತೆಗೆದವಳು ಉತ್ತರ ಕೊಡಲೇಬೇಕು. ಸಮಾನತೆ ಎಂದರೆ ಇಷ್ಟು, ಇದು ಸಣ್ಣದೂ ಅಲ್ಲ.

ಪ್ರಬಂಧ ಬರೆಯುವವರು ಬಹಳ ಸಲ ಮುಗ್ಗರಿಸುವ ಜಾಗ ಇನ್ನು ಮುಂದಿನದು. ಒಳ್ಳೆಯ ಮನಸ್ಸಿನಿಂದಲೇ ಬರೆಯುತ್ತಾರೆ: ‘ಈಗ ದಲಿತರೂ ಚೆನ್ನಾಗಿ ಓದಿದ್ದಾರೆ, ಸ್ವಚ್ಛವಾಗಿದ್ದಾರೆ, ದೊಡ್ಡ ಹುದ್ದೆಯಲ್ಲಿದ್ದಾರೆ, ಆದ್ದರಿಂದ ಅವರನ್ನು ಕೀಳಾಗಿ ಕಾಣಬಾರದು.’ ಆ ‘ಆದ್ದರಿಂದ’ ತುಂಬ ಅಪಾಯಕಾರಿ. ಓದದಿದ್ದರೆ? ಚರಂಡಿ ಕೆಲಸ ಮುಗಿಸಿ ಕೆಸರಾದ ಬಟ್ಟೆಯಲ್ಲೇ ನೀರು ಕೇಳಿದರೆ? ಗೌರವವನ್ನು ಅಂಕಪಟ್ಟಿಯಂತೆ ಗಳಿಸಿ ತೋರಿಸಬೇಕು ಎಂಬುದನ್ನು ಆ ವಾಕ್ಯ ಒಪ್ಪಿಕೊಂಡುಬಿಟ್ಟಿದೆ. ಮೇಲ್ಜಾತಿಯವನಿಗೆ ಹುಟ್ಟಿನಿಂದಲೇ ಸಿಕ್ಕದ್ದು ಇವರಿಗೆ ಪರೀಕ್ಷೆ ಬರೆದ ಮೇಲೆ ಸಿಗಬೇಕು ಎಂದಾಯಿತು.

ಅದಿರಲಿ, ಗಳಿಸಿದ ಮೇಲಾದರೂ ಸಿಕ್ಕಿತೇ? ಅಂಬೇಡ್ಕರ್ ಅವರ ಬದುಕಿನಲ್ಲೇ ಇದಕ್ಕೆ ಉತ್ತರವಿದೆ. ಸತಾರಾದ ಶಾಲೆಯ ದಿನಗಳ ಬಗ್ಗೆ ಅವರೇ ಬರೆದಿದ್ದಾರೆ. ತರಗತಿಯಲ್ಲಿ ಅವರು ಬೇರೆ ಕೂರಬೇಕಿತ್ತು, ಕೂರಲು ಮನೆಯಿಂದ ಒಂದು ಗೋಣಿಯ ತುಂಡು ತರಬೇಕಿತ್ತು, ಸಂಜೆ ಅದನ್ನು ಮನೆಗೆ ಒಯ್ಯಬೇಕಿತ್ತು. ಶಾಲೆ ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲ. ಬಾಯಾರಿದರೆ ಉಳಿದ ಹುಡುಗರು ಮೇಷ್ಟ್ರಿಗೆ ಹೇಳಿ ತಾವೇ ನಲ್ಲಿ ತಿರುಗಿಸಿ ಕುಡಿಯುತ್ತಿದ್ದರು. ಇವರು ನಲ್ಲಿ ಮುಟ್ಟುವಂತಿರಲಿಲ್ಲ. ಶಾಲೆಯ ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ. ಈ ಹುಡುಗ ಮುಂದೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಲಂಡನ್ನಿನಲ್ಲಿ ಓದಿ, 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದರು. ಉಳಿಯಲು ಮನೆ ಸಿಗಲಿಲ್ಲ. ಹೆಸರು ಮರೆಸಿ ಒಂದು ಪಾರ್ಸಿ ವಸತಿಗೃಹದಲ್ಲಿದ್ದರು. ಗೊತ್ತಾದ ದಿನ ಕೋಲು ಹಿಡಿದ ಗುಂಪು ಬಂದು ಹೊರಹಾಕಿತು. ಅಷ್ಟು ಓದು, ಅಷ್ಟು ಪದವಿ ಇದ್ದೂ ಊರಿನ ಬಾಗಿಲುಗಳ ಮುಂದೆ ಅವರು ಗೋಣಿ ತುಂಡಿನ ಮೇಲೆ ಕೂತ ಹುಡುಗನಾಗಿಯೇ ಉಳಿದಿದ್ದರು. ಯೋಗ್ಯತೆ ನೋಡಿ ಗೌರವ ಕೊಡುತ್ತೇವೆ ಎನ್ನುವ ವ್ಯವಸ್ಥೆ ನಿಜಕ್ಕೂ ಯೋಗ್ಯತೆಯನ್ನು ನೋಡುತ್ತಿರಲಿಲ್ಲ. ಆ ಕಾರಣಕ್ಕೇ ಅವರು ಮುಂದೆ ಹೋರಾಟಕ್ಕಿಳಿದಾಗ ‘ನಾವೂ ಯೋಗ್ಯರಾಗಿದ್ದೇವೆ’ ಎಂದು ಬೇಡಲಿಲ್ಲ.

1927ರ ಮಾರ್ಚ್ 20ರಂದು ಕೊಂಕಣದ ಮಹಾಡ್ ಪಟ್ಟಣದಲ್ಲಿ ಅವರು ಸಾವಿರಾರು ಜನರೊಂದಿಗೆ ನಡೆದುಹೋಗಿ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಸಾರ್ವಜನಿಕ ಕೆರೆ ಬಾವಿಗಳನ್ನು ಎಲ್ಲರಿಗೂ ತೆರೆಯಬೇಕೆಂದು ಮುಂಬೈ ಶಾಸನ ಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡ್ ಪುರಸಭೆಯೂ ಒಪ್ಪಿತ್ತು. ಕಾಗದದಲ್ಲಿ ಕೆರೆ ತೆರೆದಿತ್ತು, ಕುಡಿದವರು ಮಾತ್ರ ಇರಲಿಲ್ಲ. ಅವರು ಕುಡಿದ ಮೇಲೆ ಊರಲ್ಲಿ ಹೊಡೆದಾಟವಾಯಿತು. ಆಮೇಲೆ ಊರವರು 108 ಕೊಡಗಳಲ್ಲಿ ಹಾಲು, ಮೊಸರು, ಸೆಗಣಿ, ಗೋಮೂತ್ರ ತುಂಬಿ ಕೆರೆಗೆ ಸುರಿದು ಮಂತ್ರ ಹೇಳಿಸಿ ಶುದ್ಧ ಮಾಡಿದರು. ಅದೇ ಕೆರೆಯಲ್ಲಿ ದನಕರುಗಳು ಕುಡಿಯಲು ಅಡ್ಡಿ ಇರಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಅಂಬೇಡ್ಕರ್ ಮತ್ತೆ ಮಹಾಡಿಗೆ ಬಂದು ಆಡಿದ ಮಾತಿನ ಸಾರ ಇದು: ಈ ಕೆರೆಯ ನೀರು ಕುಡಿಯದೆ ನಾವೇನೂ ಸತ್ತುಹೋಗಿಲ್ಲ, ಕುಡಿದರೆ ಅಮರರೂ ಆಗುವುದಿಲ್ಲ, ಉಳಿದವರಂತೆ ನಾವೂ ಮನುಷ್ಯರು ಎಂದು ಸ್ಥಾಪಿಸಲು ಕೆರೆಗೆ ಹೋಗುತ್ತಿದ್ದೇವೆ. ನಮ್ಮ ಎರಡನೇ ಬೆಂಚಿನ ಹುಡುಗಿ ಹುಡುಕುತ್ತಿದ್ದದ್ದನ್ನು ಅವರು ತೊಂಬತ್ತಕ್ಕೂ ಹೆಚ್ಚು ವರ್ಷ ಮೊದಲೇ ನೀರಿನಿಂದ ಬೇರ್ಪಡಿಸಿ ತೋರಿಸಿದ್ದರು. ಮಹಾಡಿನ ವಿರೋಧಿಗಳು ಕೋರ್ಟಿಗೆ ಹೋದರು. ಕೆರೆ ತಮ್ಮದು, ಇದು ಅನಾದಿಯಿಂದ ಬಂದ ರೂಢಿ ಎಂದು ವಾದಿಸಿದರು. 1937ರ ಮಾರ್ಚಿನಲ್ಲಿ ಮುಂಬೈ ಹೈಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಒಂದು ಬೊಗಸೆ ನೀರಿನ ವ್ಯಾಜ್ಯ ಮುಗಿಯಲು ಹತ್ತು ವರ್ಷ ಹಿಡಿಯಿತು.

ಇನ್ನು ಎದುರು ವಾದಗಳು. ಪ್ರಬಂಧದಲ್ಲಿ ಇವನ್ನು ಬಿಟ್ಟುಬಿಡುವುದೇ ಹೆಚ್ಚು. ಆದರೆ ಮನೆಯಲ್ಲಿ, ಅರಳಿಕಟ್ಟೆಯಲ್ಲಿ ಮಕ್ಕಳು ಕೇಳುವುದು ಇವನ್ನೇ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು ಶುಚಿಯ ವಾದ. ‘ಜಾತಿ ಅಲ್ಲಪ್ಪ, ಶುದ್ಧ ಇರಬೇಕು ಅಷ್ಟೇ.’ ಶುಚಿ ಒಳ್ಳೆಯದೇ. ಆದರೆ ಕೊಳೆ ಬೇರೆ, ಮೈಲಿಗೆ ಬೇರೆ. ಎರಡನ್ನೂ ಬೇರೆ ಮಾಡಿ ನೋಡುವುದು ಕಷ್ಟವಲ್ಲ. ಕೊಳೆ ಸೋಪು ಹಾಕಿದರೆ ಹೋಗುತ್ತದೆ. ಮಡಿ ಮೈಲಿಗೆ ನೋಡುವ ಮನೆಗಳಲ್ಲಿ ಸಾವಿನ ಸೂತಕ ಇಷ್ಟು ದಿನ ಎಂದಿದೆ, ಮುಗಿದ ದಿನ ಸ್ನಾನ ಮಾಡಿದರೆ ಆ ಮೈಲಿಗೆ ಕಳೆಯಿತು, ಮನೆಯವರು ಮತ್ತೆ ಮೊದಲಿನಂತೆ. ಅಸ್ಪೃಶ್ಯತೆಯ ಮೈಲಿಗೆಗೆ ಮಾತ್ರ ಕಳೆಯುವ ದಿನವೇ ಇಲ್ಲ. ಎಷ್ಟು ಸ್ನಾನ ಮಾಡಿದರೂ ಹೋಗುವುದಿಲ್ಲ, ಅಪ್ಪನಿಂದ ಮಗನಿಗೆ ಬರುತ್ತದೆ. ತಾತ್ಕಾಲಿಕ ಮೈಲಿಗೆ ಮತ್ತು ಹುಟ್ಟಿನಿಂದ ಬರುವ ಶಾಶ್ವತ ಮೈಲಿಗೆ ಇವುಗಳ ನಡುವಿನ ಈ ವ್ಯತ್ಯಾಸವನ್ನೂ ಮೊದಲು ಒತ್ತಿ ಹೇಳಿದವರಲ್ಲಿ ಅಂಬೇಡ್ಕರ್ ಒಬ್ಬರು. 2021ರ ಸೆಪ್ಟೆಂಬರಿನಲ್ಲಿ ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಒಬ್ಬ ದಲಿತ ತಂದೆ ತನ್ನ ಪುಟ್ಟ ಮಗನ ಹುಟ್ಟುಹಬ್ಬದ ದಿನ ಹನುಮಪ್ಪನ ಗುಡಿಯ ಹೊರಗೆ ನಿಂತು ಕೈಮುಗಿಯಲು ಹೋಗಿದ್ದರು. ಮಗು ಓಡಿ ಒಳಗೆ ಹೋಯಿತು. ಗುಡಿ ಶುದ್ಧ ಮಾಡಲು 25 ಸಾವಿರ ರೂಪಾಯಿ ಕೊಡಬೇಕೆಂದು ಊರಿನ ಕೆಲವರು ಪಟ್ಟು ಹಿಡಿದರು, ವಿಷಯ ಪೊಲೀಸರವರೆಗೆ ಹೋಯಿತು. ಹುಟ್ಟುಹಬ್ಬವೆಂದು ಮೀಯಿಸಿ ಹೊಸ ಬಟ್ಟೆ ಹಾಕಿಸುವುದು ಎಲ್ಲ ಮನೆಗಳಲ್ಲೂ ಇರುವುದೇ. ಆ ದಿನ ಆ ಊರಲ್ಲಿ ಆ ಮಗುವಿಗಿಂತ ಶುಚಿಯಾಗಿದ್ದವರು ಎಷ್ಟು ಜನ ಇದ್ದರೋ. ಶುಚಿಯ ಮಾತು ನಿಜವಾಗಿದ್ದರೆ ‘ಕೈ ತೊಳೆದಿದ್ದೀರಾ?’ ಎಂದು ಎಲ್ಲರನ್ನೂ ಕೇಳಬೇಕು. ‘ಯಾವ ಜನ?’ ಎಂದು ಕೇಳಿದ ಕ್ಷಣ ವಾದ ಶುಚಿಯದ್ದಾಗಿ ಉಳಿಯಲಿಲ್ಲ.

ಎರಡನೆಯದು ನಂಬಿಕೆಯ ವಾದ. ‘ಅವರವರ ಪದ್ಧತಿ ಅವರಿಗೆ. ನಾವು ಯಾರಿಗೂ ಕೇಡು ಬಯಸಿಲ್ಲ.’ ಇದನ್ನು ಹಗುರವಾಗಿ ತಳ್ಳಿಹಾಕಬಾರದು, ನಿಜವಾಗಿ ಹಾಗೆ ನಂಬಿ ಹೇಳುವ ಹಿರಿಯರಿದ್ದಾರೆ. ನಾನು ಅವರಿಗೆ ಹೇಳುವುದು ಇಷ್ಟೇ: ಸೋಮವಾರ ಉಪವಾಸ ಮಾಡುವುದು ನಿಮ್ಮ ಪದ್ಧತಿ, ಅದರ ಭಾರ ನಿಮ್ಮ ಹೊಟ್ಟೆಯ ಮೇಲೆ. ಇನ್ನೊಬ್ಬರನ್ನು ನಲ್ಲಿಯಿಂದ ದೂರ ಇಡುವುದು ನಿಮ್ಮ ಪದ್ಧತಿಯಾದರೆ ಅದರ ಭಾರ ಬೀಳುವುದು ಅದನ್ನು ಒಪ್ಪದವರ ಮೇಲೆ. ಹಾಗೆ ಬೇರೆಯವರ ಮೇಲೆ ಭಾರ ಹೊರಿಸುವಾಗ ಅವರಿಗೆ ಕಾರಣ ಹೇಳಬೇಕಾಗುತ್ತದೆ, ಮುಖ ನೋಡಿ ಹೇಳಬೇಕಾಗುತ್ತದೆ. ‘ನೀನು ಇಂಥ ಹೊಟ್ಟೆಯಲ್ಲಿ ಹುಟ್ಟಿದ್ದರಿಂದ ನೀನು ಮುಟ್ಟಿದ ನೀರು ಹೊಲಸು’ ಎಂಬ ಮಾತನ್ನು ಮನೆಗೆ ಬಂದ ನೆಂಟರ ಮುಖಕ್ಕೆ ಹೇಳಲು ಈಗ ಯಾರಿಗೂ ಬಾಯಿ ಬರುವುದಿಲ್ಲ. ಬದಲಿಗೆ ಸುಮ್ಮನೆ ಲೋಟ ಬದಲಾಗುತ್ತದೆ. ಮುಖಕ್ಕೆ ಹೇಳಲಾಗದ ಕಾರಣ ಕಾರಣವಾಗಿ ನಿಲ್ಲುವುದಿಲ್ಲವೆಂದು ಹೇಳದವರಿಗೂ ಗೊತ್ತಿರುತ್ತದೆ.

‘ಅವರೇ ಒಪ್ಪಿಕೊಂಡಿದ್ದಾರಲ್ಲ, ಅವರೇ ದೂರ ನಿಲ್ಲುತ್ತಾರೆ’ ಎಂಬ ಮೂರನೇ ಮಾತಿಗೆ ಹೆಚ್ಚು ಹೊತ್ತು ಬೇಕಿಲ್ಲ. ನಾಳೆ ಕೂಲಿ ಕೊಡುವವನು ಆ ಜಗುಲಿಯ ಮೇಲೆ ಕೂತವನೇ ಆದಾಗ ದೂರ ನಿಲ್ಲುವುದನ್ನು ಒಪ್ಪಿಗೆ ಎನ್ನಲಾಗದು.

ಕಾನೂನು ಈ ವಿಷಯದಲ್ಲಿ ನಾವು ತಿಳಿದುದಕ್ಕಿಂತ ಹೆಚ್ಚು ಸೂಕ್ಷ್ಮವಾಗಿದೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು ಎಂದು ಎಲ್ಲರೂ ಬರೆಯುತ್ತಾರೆ. 15ನೇ ವಿಧಿಯ ಎರಡನೇ ಭಾಗ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಹೆಸರಿಸಿಯೇ ಹೇಳುತ್ತದೆ ಎಂಬುದನ್ನು ಬರೆಯುವವರು ಕಡಿಮೆ. 1955ರ ಕಾಯ್ದೆ, ಈಗ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಕರೆಯುವುದು, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೋಟೆಲಿನಲ್ಲಿ ಸಾರ್ವಜನಿಕರಿಗಾಗಿ ಇಟ್ಟ ಪಾತ್ರೆಗಳನ್ನು ಬಳಸದಂತೆ ತಡೆಯುವುದನ್ನೂ ಅಪರಾಧವೆಂದು ಎಣಿಸುತ್ತದೆ. ಪಾತ್ರೆಯ ಬಗ್ಗೆ ಪಾರ್ಲಿಮೆಂಟು ಯಾಕೆ ತಲೆ ಕೆಡಿಸಿಕೊಂಡಿತು? ಟೀ ಒಂದೇ, ಕಾಸು ಒಂದೇ, ಒಲೆಯೂ ಒಂದೇ; ಒಬ್ಬರಿಗೆ ಗಾಜಿನ ಲೋಟ, ಇನ್ನೊಬ್ಬರಿಗೆ ಗೋಡೆಯ ಸಂದಿಯಲ್ಲಿ ಇಟ್ಟ ತೆಂಗಿನ ಚಿಪ್ಪು, ಅದನ್ನು ಕುಡಿದವರೇ ತೊಳೆದಿಡಬೇಕು. ನಮ್ಮ ಕಡೆಯ ಎಷ್ಟೋ ಹೋಟೆಲುಗಳಲ್ಲಿ ಇದ್ದ ಪದ್ಧತಿ ಅದು. ಹುಡುಗಿಯ ಲೆಕ್ಕದಲ್ಲಿ ಇಲ್ಲೂ ಯಾರಿಗೂ ನಷ್ಟವಿಲ್ಲ. ಲೋಟಕ್ಕೆ ಕಾನೂನು ಬರೆದವರಿಗೆ ಆ ಕಾಣದ ಕಾಲಂ ಕಂಡಿತ್ತು.

ಆದರೆ ಕಾನೂನಿನ ಕೈ ಎಷ್ಟು ದೂರ ಚಾಚುತ್ತದೆ ಎಂಬುದಕ್ಕೆ ಕೊಪ್ಪಳ ಜಿಲ್ಲೆಯ ಮರಕುಂಬಿ ಸಾಕು. ಅಲ್ಲಿ ಕ್ಷೌರದಂಗಡಿ, ಹೋಟೆಲುಗಳಿಗೆ ದಲಿತರನ್ನು ಸೇರಿಸುತ್ತಿಲ್ಲವೆಂಬ ಜಗಳ ಬೆಳೆದು 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಸೆಷನ್ಸ್ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿದಾಗ ದೇಶವೆಲ್ಲ ತಿರುಗಿ ನೋಡಿತು. ಬಳಿಕ ಪ್ರಕರಣ ಹೈಕೋರ್ಟಿಗೆ ಹೋಯಿತು, ಬಹುತೇಕರಿಗೆ ಜಾಮೀನು ಸಿಕ್ಕಿತು. ಬೆಂಕಿ ಬಿದ್ದಾಗ ಕಾನೂನಿಗೆ ಕಾಣುತ್ತದೆ, ಹತ್ತು ವರ್ಷದ ಮೇಲಾದರೂ. ಆ ಮೊದಲು ಕ್ಷೌರದಂಗಡಿಯವನು ‘ಬ್ಲೇಡು ಖಾಲಿಯಾಗಿದೆ, ನಾಳೆ ಬಾ’ ಅಂದಿದ್ದರೆ, ಅದು ಯಾವ ಎಫ್‌ಐಆರಿನಲ್ಲೂ ಬರುವುದಿಲ್ಲ.

ತಾರತಮ್ಯ ಹೀಗೆ ಬಾಗಿಲು ಬದಲಿಸುತ್ತಲೇ ಇರುತ್ತದೆ. ನಾನು ಟೀ ಕುಡಿಯುವ ರಸ್ತೆ ಬದಿಯ ಹೋಟೆಲೊಂದರಲ್ಲಿ ಗಾಜಿನ ಲೋಟವೂ ಇದೆ, ಪೇಪರ್ ಕಪ್ಪೂ ಇದೆ. ಯಾರಿಗೆ ಯಾವುದು ಎಂದು ಬೋರ್ಡಿಲ್ಲ. ಕೆಲವು ದಿನ ಕೂತು ನೋಡಿದ ಮೇಲೆ ಗೊತ್ತಾಯಿತು, ಕೆಲವರು ಗಾಜಿನ ಲೋಟ ಕೇಳಿದರೂ ಅವರ ಕೈಗೆ ಪೇಪರ್ ಕಪ್ಪೇ ಬರುತ್ತದೆ. ಕೇಳಿದರೆ ‘ಸಾರ್, ತೊಳೆಯೋರಿಲ್ಲ’ ಎಂಬ ಉತ್ತರ. ತೊಳೆಯುವವರಿಲ್ಲದ ಕಷ್ಟ ನನ್ನ ಲೋಟಕ್ಕೆ ಮಾತ್ರ ಯಾಕೆ ಬಂದಿಲ್ಲ ಎಂದು ನಾನು ಕೇಳಲಿಲ್ಲ. ಎರಡು ತಿಂಗಳು ಅಲ್ಲೇ ಟೀ ಕುಡಿದೆ, ಕೇಳಲಿಲ್ಲ. ಆಮೇಲೆ ನಾನೂ ಪೇಪರ್ ಕಪ್ಪೇ ಕೊಡು ಎನ್ನತೊಡಗಿದೆ. ಅದನ್ನೇನೂ ಧೈರ್ಯವೆಂದು ಹೇಳಿಕೊಳ್ಳಲಾರೆ.

ಮನೆಯ ಅಡುಗೆಕೋಣೆಗೆ ಕಾನೂನು ಬರುವುದಿಲ್ಲ, ಬರಬೇಕೆಂದು ನಾನೂ ಹೇಳುವುದಿಲ್ಲ. ಯಾರನ್ನು ಊಟಕ್ಕೆ ಕರೆಯಬೇಕು ಎಂಬುದು ಅವರವರ ಇಷ್ಟ. ಆದರೆ ಘನತೆಯ ವಾದ ಬೀದಿಯ ತೊಂಬೆಯ ಹತ್ತಿರ ನಿಲ್ಲುವುದಿಲ್ಲ, ಹೊಸ್ತಿಲು ದಾಟುತ್ತದೆ. ನಲ್ಲಿ ಮುಟ್ಟಿದವರನ್ನು ವಸ್ತುವಂತೆ ಕಂಡದ್ದು ತಪ್ಪಾದರೆ, ಕಸ ಗುಡಿಸಲು ಬರುವವರಿಗಾಗಿ ಕಿಟಕಿಯ ಮೇಲೆ ಬೇರೆ ಇಟ್ಟ ಸ್ಟೀಲ್ ಲೋಟವೂ ಅದೇ ತಪ್ಪು. ಅಲ್ಲಿ ಪೊಲೀಸರಿಲ್ಲ, ವಿಡಿಯೊ ಇಲ್ಲ ಎಂಬುದಷ್ಟೇ ವ್ಯತ್ಯಾಸ.

ಹೆಗ್ಗೋಠಾರದಲ್ಲಿ ಆಮೇಲೆ ತಹಶೀಲ್ದಾರರು ಬಂದು, ದಲಿತ ಯುವಕರನ್ನು ಕರೆದುಕೊಂಡು ಊರಿನ ನಲ್ಲಿಗಳ ಹತ್ತಿರ ಸುತ್ತಿ ಅವರಿಂದ ನೀರು ಕುಡಿಸಿದರು. ಇದು ಸಾರ್ವಜನಿಕ ನೀರು, ಯಾರು ಬೇಕಾದರೂ ಕುಡಿಯಬಹುದು ಎಂದು ತೊಂಬೆಗಳ ಮೇಲೆ ಬರೆಸಿದರು. ಇದನ್ನೂ ತರಗತಿಯಲ್ಲಿ ಹೇಳಿ, ‘ಲಾಭ ನಷ್ಟದ ಲೆಕ್ಕ ಬಿಟ್ಟು, ಅಭಿವೃದ್ಧಿ ಎಂಬ ಪದವನ್ನು ಒಮ್ಮೆಯೂ ಬಳಸದೆ ಮತ್ತೆ ಬರೆದು ತನ್ನಿ’ ಎಂದೆ.

ಮುಂದಿನ ವಾರ ಬಂದ ಹಾಳೆಗಳಲ್ಲಿ ಹೆಚ್ಚಿನವು ಚಿಕ್ಕದಾಗಿದ್ದವು, ಗೈಡಿನ ಸಾಲುಗಳು ಹೋಗಿದ್ದರಿಂದ ಅಕ್ಷರಗಳೂ ಒಂದಿಷ್ಟು ತಡವರಿಸಿದ್ದವು. ಎರಡನೇ ಬೆಂಚಿನ ಹುಡುಗಿ, ಆ ನಲ್ಲಿಯ ಹತ್ತಿರ ಮುಂದಿನ ಸಲ ಬಾಯಾರಿ ಬರುವವರು ಕುಡಿಯುವ ಮೊದಲು ಯಾರು ಯಾರು ನೋಡುತ್ತಿದ್ದಾರೆ ಎಂದು ಸುತ್ತ ನೋಡಬೇಕಾಗುತ್ತದೆ, ನಷ್ಟ ಅದೇ ಸಾರ್ ಎಂದು ಬರೆದಿದ್ದಳು. ಇನ್ನೊಬ್ಬ ಹುಡುಗ ತೊಂಬೆಯ ಬಗ್ಗೆ ಏನೂ ಬರೆದಿರಲಿಲ್ಲ. ಅವನ ಮನೆಯ ಕಿಟಕಿಯ ಮೇಲಿನ ಲೋಟ, ಅದರ ಅಂಚಿನಲ್ಲಿದ್ದ ಸೊಟ್ಟು, ಅದನ್ನು ಒಳಗೆ ತಂದು ಉಳಿದ ಲೋಟಗಳ ಜೊತೆ ಬೋರಲು ಹಾಕಿದ್ದಕ್ಕೆ ಅಜ್ಜಿ ಎರಡು ದಿನ ಮಾತು ಬಿಟ್ಟದ್ದು, ಇಷ್ಟನ್ನೇ ಒಂದೂವರೆ ಪುಟ ಬರೆದಿದ್ದ. ಕೆಳಗೆ ಪೆನ್ಸಿಲಿನಲ್ಲಿ ‘ಸಾರ್, ಇದನ್ನು ಕ್ಲಾಸಲ್ಲಿ ಓದಬೇಡಿ’ ಎಂದಿತ್ತು. ಅಂಕ ಹಾಕಿ, ಹಾಳೆಯನ್ನು ಮಡಿಸಿ ಅವನ ಕೈಗೆ ಕೊಟ್ಟೆ.